ಮುಂಬಯಿಯ ಮಳೆಗಾಲ ಮತ್ತು ಸಾರಿನ ಪುಡಿ

ಪ್ರಶ್ನೆ: ನಾನು ಡೊಂಬಿವಲಿಯಲ್ಲಿದ್ದೇನೆ, ತವರು ವಿಜಯಪುರ. ಮೇ ತಿಂಗಳಲ್ಲಿ ಅಮ್ಮನ ಅಳತೆಯಲ್ಲೇ ಒಂದು ಕಿಲೋ ಸಾರಿನ ಪುಡಿ ಮಾಡಿದೆ. ಬಿಸಿಯಿರುವಾಗಲೇ ಬೀಸಿದರೆ ನುಣ್ಣಗಾಗುತ್ತದೆ ಎಂದು ಪಕ್ಕದ ಮನೆಯ ಮಾವಶಿ ಹೇಳಿದ್ದರಿಂದ ಹುರಿದ ಕೂಡಲೇ ಮಿಕ್ಸಿಗೆ ಹಾಕಿದೆ. ಕೆಡದಿರಲಿ ಎಂದು ಒಂದು ಹಿಡಿ ಉಪ್ಪು ಬೆರೆಸಿ ಸ್ಟೀಲ್ ಡಬ್ಬಿಯಲ್ಲಿ ತುಂಬಿಟ್ಟೆ. ಜುಲೈ ಕೊನೆಗೆ ಪುಡಿ ಗಂಟು ಕಟ್ಟಿದೆ, ಘಮ ಹೋಗಿದೆ, ಸಾರು ಸ್ವಲ್ಪ ಕಹಿಯಾಗುತ್ತಿದೆ. ಅಮ್ಮನ ಪುಡಿ ವರ್ಷವಿಡೀ ಇರುತ್ತಿತ್ತು. ನನ್ನದು ಎಲ್ಲಿ ತಪ್ಪಿತು? ಇದನ್ನೇ ಮತ್ತೆ ಹುರಿದು ಬಳಸಬಹುದೇ?

ಉತ್ತರ: ನೀವು ಹೇಳಿದ ಮೂರು ದೋಷಗಳು ಒಂದೇ ಡಬ್ಬಿಯಲ್ಲಿ ಕಾಣಿಸಿಕೊಂಡಿದ್ದರೂ ಅವುಗಳ ಮೂಲ ಬೇರೆ ಬೇರೆ. ಕಹಿ ಹುಟ್ಟಿದ್ದು ಬಾಣಲೆಯಲ್ಲಿ, ಘಮದ ಹೆಚ್ಚಿನ ಪಾಲು ಹೋದದ್ದು ಮಿಕ್ಸಿಯಲ್ಲಿ, ಗಂಟು ಕಟ್ಟಿದ್ದು ಡಬ್ಬಿಯಲ್ಲಿ. ಅಮ್ಮನ ಅಳತೆಯಲ್ಲಿ ತಪ್ಪಿಲ್ಲ. ಆ ಅಳತೆ ಮತ್ತು ಆ ಕ್ರಮ ವಿಜಯಪುರದ ಗಾಳಿಗೆ ಹೊಂದಿಕೊಂಡು ಬಂದವು. ಅಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು, ಮುಂಬಯಿಯಲ್ಲಿ 2,000 ಮಿಲಿಮೀಟರಿಗೂ ಹೆಚ್ಚು, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮುಲುಂಡಿನ ನನ್ನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಪುಡಿಗಳನ್ನು ಮಾಡಿ ಪರಿಚಯದ ಮನೆಗಳಿಗೆ ಕೊಡುತ್ತಿರುವ ನಾನು, ಊರಿನಿಂದ ತಂದ ಪಾಠಗಳಲ್ಲಿ ಅರ್ಧವನ್ನು ಇಲ್ಲಿ ಮರೆಯಬೇಕಾಯಿತು.

ಉಪ್ಪಿನಿಂದಲೇ ತೊಡಗುತ್ತೇನೆ, ಏಕೆಂದರೆ ಎರಡು ಊರುಗಳ ವ್ಯತ್ಯಾಸ ಅದರಲ್ಲಿ ಎದ್ದು ಕಾಣುತ್ತದೆ. ಖಾರದ ಪುಡಿಗೆ ಉಪ್ಪು ಬೆರೆಸಿಡುವುದು ನಮ್ಮ ಬಯಲುಸೀಮೆಯ ಹಳೆಯ ರೂಢಿ, ಒಣ ಹವೆಯಲ್ಲಿ ಅದರಿಂದ ತೊಂದರೆಯೇನೂ ಆಗುವುದಿಲ್ಲ. ಆದರೆ ಗಾಳಿಯ ತೇವಾಂಶ ನೂರಕ್ಕೆ 75ನ್ನು ದಾಟಿದೊಡನೆ ಉಪ್ಪು ಗಾಳಿಯಿಂದ ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ಮುಂಬಯಿಯಲ್ಲಿ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ತೇವಾಂಶ ಬಹುತೇಕ ದಿನಗಳಲ್ಲಿ 80ಕ್ಕಿಂತ ಮೇಲೆಯೇ ಇರುತ್ತದೆ, ಊಟದ ಮೇಜಿನ ಮೇಲಿನ ಉಪ್ಪಿನ ಬಟ್ಟಲು ಜಿಬುಜಿಬು ಆಗುವುದನ್ನು ನೀವೂ ನೋಡಿರುತ್ತೀರಿ. ಡಬ್ಬಿಯನ್ನು ತೆರೆದಾಗಲೆಲ್ಲ ಒಳಗೆ ಬರುವ ಗಾಳಿಯಿಂದ ಆ ಒಂದು ಹಿಡಿ ಉಪ್ಪು ನೀರನ್ನು ಕುಡಿದು ಸುತ್ತಲಿನ ಪುಡಿಗೆ ದಾಟಿಸಿದೆ. ಕಾಪಾಡಲೆಂದು ಹಾಕಿದ್ದೇ ಇಲ್ಲಿ ಕೆಡುವುದಕ್ಕೆ ದಾರಿಯಾಯಿತು. ಇನ್ನು ಮುಂದೆ ಉಪ್ಪು ಸಾರಿಗೇ ಇರಲಿ, ಪುಡಿಗೆ ಬೇಡ.

ಈಗ ಬಾಣಲೆಗೆ ಬರೋಣ. ಎಣ್ಣೆ ಹಾಕದೆ ಹುರಿಯುವಾಗ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಅಂಗಡಿಯಿಂದ ತಂದ ಮಸಾಲೆಯಲ್ಲಿ ನೂರಕ್ಕೆ ಹತ್ತರಷ್ಟು ನೀರಿರುತ್ತದೆ, ಅದು ಹೊರಹೋಗಿ ಕಾಳು ಬಿರುಸಾಗುತ್ತದೆ, ಆಮೇಲೆ ಸುಲಭವಾಗಿ ಪುಡಿಯಾಗುತ್ತದೆ. ಅದರ ಜೊತೆಗೆ ಕಾಳಿನೊಳಗಿನ ಸಕ್ಕರೆಯ ಅಂಶವೂ ಸಾರಜನಕದ ಅಂಶವೂ ಕಾವಿನಲ್ಲಿ ಕೂಡಿ ಹುರಿದ ಪರಿಮಳ ಎಂದು ನಾವು ಗುರುತಿಸುವ ಹೊಸ ವಾಸನೆಗಳನ್ನು ಹುಟ್ಟಿಸುತ್ತವೆ. ಆದರೆ ಹಸಿ ಕೊತ್ತಂಬರಿ ಬೀಜಕ್ಕೂ ಜೀರಿಗೆಗೂ ಅವುಗಳದೇ ವಾಸನೆ ಕೊಡುವ ಎಣ್ಣೆಗಳು ಹಾರಿಹೋಗುವ ಸ್ವಭಾವದವು. ಹುರಿಯುವಾಗ ಮನೆಯೆಲ್ಲ ಘಮಘಮ ಎನ್ನುತ್ತದೆ ಎಂದರೆ ಅವು ಹೋಗುತ್ತಿವೆ ಎಂದೇ ಅರ್ಥ. ಹುರಿದ ಪರಿಮಳ ಬಂದಿರಬೇಕು, ಮೂಲದ ಪರಿಮಳ ಪೂರ್ತಿ ಹೋಗಿರಬಾರದು, ನೀರು ಮಾತ್ರ ಆದಷ್ಟೂ ಹೋಗಿರಬೇಕು. ಈ ಮೂರೂ ಕೂಡಿಬರುವುದು ಸಣ್ಣ ಉರಿಯಲ್ಲಿ, ದಪ್ಪ ತಳದ ಬಾಣಲೆಯಲ್ಲಿ, ನಿಧಾನವಾಗಿ ಹುರಿದಾಗ. ದೊಡ್ಡ ಉರಿಯಲ್ಲಿ ಸಿಪ್ಪೆ ಕಂದಿದರೂ ಕಾಳಿನ ಒಳಗೆ ನೀರು ಉಳಿದಿರುತ್ತದೆ. ನೋಡಿದರೆ ಹುರಿದಂತೆ ಕಾಣುವ, ಆದರೆ ಒಂದು ತಿಂಗಳಲ್ಲೇ ಮುಗ್ಗಲು ವಾಸನೆ ಬರುವ ಪುಡಿಗಳ ಮೂಲ ಬಹುತೇಕ ಇಲ್ಲಿಯೇ ಇರುತ್ತದೆ.

ಒಂದು ಕಿಲೋದ ಆಸುಪಾಸಿನ ನನ್ನ ಅಳತೆ ಹೀಗಿದೆ: ಕೊತ್ತಂಬರಿ ಬೀಜ 500 ಗ್ರಾಂ, ತೊಟ್ಟು ತೆಗೆದ ಬ್ಯಾಡಗಿ ಮೆಣಸಿನಕಾಯಿ 250 ಗ್ರಾಂ, ಜೀರಿಗೆ 100 ಗ್ರಾಂ, ಕಾಳುಮೆಣಸು 50 ಗ್ರಾಂ, ಮೆಂತ್ಯ 25 ಗ್ರಾಂ, ಸಾಸಿವೆ 25 ಗ್ರಾಂ, ಮತ್ತು ಕಡ್ಡಿ ಬಿಡಿಸಿದ ಹಸಿ ಕರಿಬೇವು 50 ಗ್ರಾಂ. ನಿಮ್ಮ ಅಮ್ಮನದು ಸ್ವಲ್ಪ ಬೇರೆಯಾಗಿರಬಹುದು, ಅದನ್ನು ಬದಲಿಸಬೇಕಾಗಿಲ್ಲ, ಮುಂದೆ ಹೇಳುವುದು ಅದಕ್ಕೂ ಹೊಂದುತ್ತದೆ. ಇಂಗನ್ನು ನಾನು ಪುಡಿಗೆ ಸೇರಿಸುವುದಿಲ್ಲ, ಒಗ್ಗರಣೆಯಲ್ಲಿ ಹಾಕುತ್ತೇನೆ. ಗಟ್ಟಿ ಇಂಗು ಒಣ ಬಾಣಲೆಯಲ್ಲಿ ಸಮನಾಗಿ ಅರಳುವುದಿಲ್ಲ, ಅಂಗಡಿಯ ಪುಡಿ ಇಂಗಿನಲ್ಲಿ ಹಿಟ್ಟು ಬೆರೆತಿರುತ್ತದೆ.

ಕೊತ್ತಂಬರಿಯನ್ನು ಎರಡು ಪಾಲು ಮಾಡಿ ಹುರಿಯಿರಿ. 250 ಗ್ರಾಂ ಬೀಜಕ್ಕೆ ಸಣ್ಣ ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ ಬೇಕಾಗುತ್ತದೆ, ಅಷ್ಟೂ ಹೊತ್ತು ಕೈ ಆಡುತ್ತಲೇ ಇರಬೇಕು. ಮೊದಲು ತೇವದ ಹಬೆಯ ವಾಸನೆ ಬರುತ್ತದೆ, ಅದು ನಿಂತು ನಿಂಬೆಯನ್ನು ನೆನಪಿಸುವ ವಾಸನೆ ಏಳುತ್ತದೆ, ಆಮೇಲೆ ಹುರಿದ ಕಡಲೆಯಂಥ ವಾಸನೆ. ಈ ಮೂರನೆಯದು ಬಂದ ಒಂದು ನಿಮಿಷದೊಳಗೆ ಇಳಿಸಬೇಕು. ಕಣ್ಣಿಗಿಂತ ಇಲ್ಲಿ ಕಿವಿಯೂ ಹಲ್ಲೂ ಹೆಚ್ಚು ನಂಬಿಕೆಗೆ ಅರ್ಹ. ತೇವವಿರುವ ಬೀಜ ಸೌಟಿಗೆ ಮೆತ್ತಗೆ ಸರಿಯುತ್ತದೆ, ಒಣಗಿದ ಬೀಜ ಚರಚರ ಎಂದು ಹಗುರವಾಗಿ ಸದ್ದು ಮಾಡುತ್ತದೆ. ಒಂದು ಬೀಜವನ್ನು ತಣಿಸಿ ಕಚ್ಚಿದರೆ ಪುಟ್ಟೆಂದು ಒಡೆಯಬೇಕು, ಹಲ್ಲಿಗೆ ಅಂಟಿ ನಾರಾಗಬಾರದು. ಮನೆಯಲ್ಲಿ ಅಡುಗೆಯ ತಕ್ಕಡಿ ಇದ್ದರೆ ಇನ್ನೂ ಖಚಿತವಾದ ದಾರಿಯೊಂದಿದೆ: ಹುರಿಯುವ ಮೊದಲು ಮತ್ತು ತಣಿದ ಮೇಲೆ ತೂಗಿ ನೋಡುವುದು. ನನ್ನ ಬಾಣಲೆಯಲ್ಲಿ 500 ಗ್ರಾಂ ಕೊತ್ತಂಬರಿ 470 ಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. 490ರಲ್ಲೇ ನಿಂತಿದೆ ಎಂದಾದರೆ ಬಣ್ಣ ಎಷ್ಟೇ ಚೆನ್ನಾಗಿ ಬಂದಿರಲಿ, ಒಳಗೆ ನೀರು ಉಳಿದಿದೆ.

ನಿಮ್ಮ ಸಾರಿನ ಕಹಿಗೆ ಮೆಂತ್ಯವೇ ಕಾರಣವೆಂದು ನಾನು ಊಹಿಸುತ್ತೇನೆ. ಮೆಂತ್ಯ ಹಸಿಯಾಗಿದ್ದರೂ ಕಹಿ, ಕರಕಲಾದರೂ ಕಹಿ, ಇವೆರಡರ ನಡುವೆ ಒಂದು ನಿಮಿಷದಷ್ಟೇ ಅಗಲದ ಹದವಿದೆ. ಅಲ್ಲಿ ಅದು ಕೆಂಪು ಹೊಂಬಣ್ಣಕ್ಕೆ ತಿರುಗಿ ಸಿಹಿಯಾದ ವಾಸನೆ ಕೊಡುತ್ತದೆ. 25 ಗ್ರಾಂ ಮೆಂತ್ಯಕ್ಕೆ ಮೂರರಿಂದ ನಾಲ್ಕು ನಿಮಿಷ ಸಾಕು. ಬಹಳ ಮಂದಿ ಮಾಡುವ ತಪ್ಪೆಂದರೆ ಮೆಂತ್ಯವನ್ನೂ ಜೀರಿಗೆಯನ್ನೂ ಕೊತ್ತಂಬರಿಯ ಕೊನೆಯಲ್ಲಿ ಅದೇ ಬಾಣಲೆಗೆ ಸುರಿಯುವುದು. ಹತ್ತು ನಿಮಿಷ ಕಾದ ಕಬ್ಬಿಣದ ಬಾಣಲೆಯಲ್ಲಿ ಉರಿ ಆರಿಸಿದ ಮೇಲೂ ಕಾವು ಉಳಿದಿರುತ್ತದೆ, ಸಣ್ಣ ಕಾಳು ಅಲ್ಲಿಯೇ ಸೀದುಹೋಗುತ್ತದೆ. ಆದ್ದರಿಂದ ಮೆಂತ್ಯವನ್ನು ಮೊದಲು ಹುರಿಯಿರಿ, ಬಾಣಲೆ ಇನ್ನೂ ಹದವಾಗಿ ಕಾಯುತ್ತಿರುವಾಗಲೇ. ಮತ್ತೊಂದು ಮಾತು: ಯಾವುದನ್ನೂ ಬಾಣಲೆಯಲ್ಲಿ ಆರಲು ಬಿಡಬೇಡಿ, ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಹಿಂದಿರುವಾಗಲೇ ಅಗಲವಾದ ತಟ್ಟೆಗೆ ಸುರಿದುಬಿಡಿ. ಮಿಕ್ಕ ಬಣ್ಣ ತಟ್ಟೆಯಲ್ಲಿ ತಾನೇ ಬರುತ್ತದೆ.

ಜೀರಿಗೆಗೆ ಎರಡು ಮೂರು ನಿಮಿಷ, ಹೊಗೆ ಕಾಣಿಸುವ ಮೊದಲೇ ಇಳಿಸಬೇಕು. ಕಾಳುಮೆಣಸು ಕೆಲವು ಕಾಳು ಉಬ್ಬಿ ಚಿಟ್ಟೆನ್ನುವವರೆಗೆ. ಸಾಸಿವೆಯನ್ನು ಮಾತ್ರ ಅರ್ಧಂಬರ್ಧ ಹುರಿಯಬಾರದು, ಪೂರ್ತಿ ಸಿಡಿದು ಸದ್ದು ಅಡಗುವವರೆಗೂ ಬಿಡಬೇಕು. ಹಸಿ ಸಾಸಿವೆಯ ಪುಡಿ ನೀರಿಗೆ ಬಿದ್ದೊಡನೆ ಅದರೊಳಗಿನ ಕಿಣ್ವವೊಂದು ಕೆಲಸ ಮಾಡಿ ಮೂಗಿಗೇರುವ ಘಾಟನ್ನು ಉಂಟುಮಾಡುತ್ತದೆ, ಸ್ವಲ್ಪ ಕಹಿಯೂ ಬರುತ್ತದೆ. ಉಪ್ಪಿನಕಾಯಿಗೆ ಅದು ಬೇಕು, ಸಾರಿಗೆ ಬೇಡ. ಚೆನ್ನಾಗಿ ಕಾಯಿಸಿದರೆ ಆ ಕಿಣ್ವ ಸತ್ತುಹೋಗುತ್ತದೆ.

ಮೆಣಸಿನಕಾಯಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಬ್ಯಾಡಗಿಯದು ಸುಕ್ಕುಸುಕ್ಕಾದ, ಚರ್ಮದಂತೆ ಬಾಗುವ ಸಿಪ್ಪೆ, ಅದು ಗಾಳಿಯ ತೇವವನ್ನು ಬೇಗ ಹಿಡಿಯುತ್ತದೆ. ಅಂಗಡಿಯವರು ತೂಕಕ್ಕಾಗಿ ಅಥವಾ ಕಾಯಿ ಮುರಿಯದಿರಲೆಂದು ಅದನ್ನು ಕೊಂಚ ಮೆತ್ತಗೇ ಇಟ್ಟಿರುವುದೂ ಉಂಟು. ಮೇ ತಿಂಗಳಲ್ಲಾದರೆ ಎರಡು ದಿನದ ಬಿಸಿಲು ಕಾಣಿಸಿ, ಆಮೇಲೆ ತೀರ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬೆಚ್ಚಗೆ ಮಾಡಿದರೆ ಸಾಕು. ಬಣ್ಣ ಕಪ್ಪಾಗಬಾರದು, ತಣಿದ ಮೇಲೆ ಬಾಗಿಸಿದರೆ ಲಟಕ್ಕನೆ ಮುರಿಯಬೇಕು. ಕೆಮ್ಮು ಬರುವಷ್ಟು ಘಾಟು ಎದ್ದಿತೆಂದರೆ ಒಳಗಿನ ಬೀಜ ಸೀಯುತ್ತಿದೆ ಎಂದು ತಿಳಿಯಿರಿ, ಸೀದ ಬೀಜವೂ ಕಹಿಯೇ. ಬಣ್ಣ ಚೆನ್ನಾಗಿರಲಿ ಎಂದು ಒಂದು ಚಮಚ ಎಣ್ಣೆಯಲ್ಲಿ ಹುರಿಯುವವರಿದ್ದಾರೆ. ಹದಿನೈದು ದಿನದಲ್ಲಿ ಮುಗಿಯುವ ಪುಡಿಗೆ ಅದು ಸರಿ, ಆರು ತಿಂಗಳು ಇಡುವ ಪುಡಿಗೆ ಆ ಎಣ್ಣೆ ಕಮಟು ವಾಸನೆ ತರುತ್ತದೆ.

ಇನ್ನು ಕರಿಬೇವು. ನೀವು ಅದರ ಬಗ್ಗೆ ಏನೂ ಬರೆದಿಲ್ಲ, ಆದರೂ ಗಂಟಿನ ಪ್ರಶ್ನೆ ಬಂದಾಗಲೆಲ್ಲ ನನಗೆ ಮೊದಲು ಅನುಮಾನ ಬರುವುದು ಅದರ ಮೇಲೆಯೇ. ಹಸಿ ಎಲೆಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ನೀರು. 50 ಗ್ರಾಂ ಎಲೆಯನ್ನು ತೊಳೆದು ಒರೆಸಿ, ಬಾಡುವಷ್ಟು ಮಾತ್ರ ಹುರಿದು ಸೇರಿಸಿದರೆ ಒಂದು ಕಿಲೋ ಪುಡಿಗೆ 30 ಗ್ರಾಮಿನಷ್ಟು ನೀರನ್ನು ಕೈಯಾರೆ ಸುರಿದಂತಾಗುತ್ತದೆ. ಮಾರಾಟದ ಮಿಶ್ರ ಮಸಾಲೆ ಪುಡಿಗಳಲ್ಲಿ ನೀರಿನಂಶ ನೂರಕ್ಕೆ ಹತ್ತನ್ನು ಮೀರಬಾರದು ಎಂದು ನಮ್ಮ ಆಹಾರ ನಿಯಮ ಹೇಳುತ್ತದೆ. ಹತ್ತು ನಿಮಿಷ ಕೈಯಾಡಿಸಿ ಕೊತ್ತಂಬರಿಯಿಂದ ಹೊರಗಟ್ಟಿದ ನೀರಷ್ಟನ್ನೂ ಎಲೆ ಒಂದೇ ಏಟಿಗೆ ಮರಳಿ ತಂದುಬಿಡುತ್ತದೆ. ಎಲೆಯನ್ನು ತೊಳೆದು ನೆರಳಿನಲ್ಲಿ ಬಟ್ಟೆಯ ಮೇಲೆ ಎರಡು ದಿನ ಹರಡಿ, ಆಮೇಲೆ ಸಣ್ಣ ಉರಿಯಲ್ಲಿ, ಅಂಗೈಯಲ್ಲಿ ಹಿಸುಕಿದರೆ ಚೂರಾಗಿ ಉದುರುವವರೆಗೂ ಹುರಿಯಿರಿ. ಒಂದೇ ಒಂದು ಎಲೆ ಬಾಗಿದರೂ ಮತ್ತೆ ಬಾಣಲೆಗೆ ಹಾಕಬೇಕು. 50 ಗ್ರಾಂ ಎಲೆ 17-18 ಗ್ರಾಮಿಗೆ ಇಳಿದಿದ್ದರೆ ಕೆಲಸ ಆಯಿತೆಂದು ಅರ್ಥ.

ಮಾವಶಿಯವರ ಮಾತಿಗೆ ಬರುತ್ತೇನೆ. ಬಿಸಿಯಾದ ಮಸಾಲೆ ಬೇಗ ನುಣ್ಣಗಾಗುತ್ತದೆ ಎಂಬ ನಂಬಿಕೆ ಇಲ್ಲಿ ವ್ಯಾಪಕವಾಗಿದೆ, ಆದರೆ ನಿಜ ಅದಕ್ಕೆ ವಿರುದ್ಧವಾಗಿದೆ. ಎಣ್ಣೆಯಿಂದ ತೆಗೆದ ಹಪ್ಪಳ ಒಂದು ಕ್ಷಣ ಮೆತ್ತಗಿದ್ದು ಆರಿದ ಮೇಲೆಯೇ ಗರಿಗರಿಯಾಗುವಂತೆ, ಹುರಿದ ಕಾಳೂ ತಣಿದ ಮೇಲೆಯೇ ಪೂರ್ತಿ ಬಿರುಸಾಗುತ್ತದೆ. ಬಿಸಿ ಕಾಳನ್ನು ಮುಚ್ಚಿದ ಜಾರಿಗೆ ಹಾಕಿದರೆ ಅದರಲ್ಲಿ ಉಳಿದ ಚೂರುಪಾರು ನೀರು ಹಬೆಯಾಗಿ ಮುಚ್ಚಳಕ್ಕೆ ತಗುಲಿ ಮತ್ತೆ ಪುಡಿಯ ಮೇಲೆಯೇ ಇಳಿಯುತ್ತದೆ, ಮಿಕ್ಸಿಯ ಅಲಗು ಕಾವಿಗೆ ಕಾವು ಸೇರಿಸುತ್ತದೆ. ಕಾಳು ಇಡಿಯಾಗಿರುವಷ್ಟು ಹೊತ್ತು ಸಿಪ್ಪೆಯೊಳಗೆ ಸುರಕ್ಷಿತವಾಗಿದ್ದ ವಾಸನೆಯ ಎಣ್ಣೆ, ಒಡೆದು ಪುಡಿಯಾದಾಗ ಸಾವಿರ ಕಡೆ ಬಯಲಿಗೆ ಬೀಳುತ್ತದೆ. ಆ ಹೊತ್ತಿನಲ್ಲಿ ಬಿಸಿಯೂ ಇದ್ದರೆ ಹಾರಿಹೋಗಲು ಅದಕ್ಕೆ ಇನ್ನೇನು ಬೇಕು? ಜಾರಿನ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವ ಆ ಘಮ ನಿಮ್ಮ ಸಾರಿಗೆ ಸೇರಬೇಕಾದದ್ದು.

ಹಾಗೆಂದು ಹುರಿದದ್ದನ್ನು ರಾತ್ರಿಯಿಡೀ ಆರಲು ಬಿಟ್ಟು ಬೆಳಿಗ್ಗೆ ಬೀಸುವುದು ಕೂಡ ಇಲ್ಲಿ ಸಲ್ಲುವುದಿಲ್ಲ, ಊರಿನ ಕ್ರಮದಲ್ಲಿ ನಾನು ಬಿಟ್ಟ ಎರಡನೆಯ ಪಾಠ ಅದು. ಚೆನ್ನಾಗಿ ಒಣಗಿದ ಕಾಳು ತಣಿದ ಕ್ಷಣದಿಂದ ಸುತ್ತಲಿನ ಗಾಳಿಯ ತೇವವನ್ನು ಹೀರತೊಡಗುತ್ತದೆ. ವಿಜಯಪುರದ ಮೇ ತಿಂಗಳಿನಲ್ಲಿ ಹೀರಲು ಏನೂ ಇಲ್ಲ, ಡೊಂಬಿವಲಿಯಲ್ಲಿ ಮೇ ತಿಂಗಳ ರಾತ್ರಿಯ ಗಾಳಿಯೂ ಜಿಗುಟಾಗಿರುತ್ತದೆ. ಆದ್ದರಿಂದ ಬಿಸಿ ಆರಿರಬೇಕು, ತೇವ ಸೇರಿರಬಾರದು. ನಡುವೆ ನಿಮಗೆ ದೊರೆಯುವುದು ಸುಮಾರು ಒಂದು ಗಂಟೆ. ದೊಡ್ಡ ಪರಾತದಲ್ಲಿ ಒಂದು ಬೆರಳಿಗಿಂತ ದಪ್ಪವಾಗದಂತೆ ತೆಳ್ಳಗೆ ಹರಡಿ, ಎರಡು ಸಲ ಕೈಯಾಡಿಸಿ. ರಾಶಿಯ ನಡುವೆ ಮುಂಗೈಯನ್ನು ಇಟ್ಟಾಗ ಬೆಚ್ಚಗೆ ಅನ್ನಿಸದೆ ಇದ್ದರೆ ಕೂಡಲೇ ಬೀಸಲು ತೊಡಗಬೇಕು. ಮನೆಯಲ್ಲಿ ಹವಾನಿಯಂತ್ರಿತ ಕೋಣೆ ಇದ್ದರೆ ತಣಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಆ ಯಂತ್ರ ಕೋಣೆಯ ಗಾಳಿಯಿಂದ ನೀರನ್ನೂ ತೆಗೆಯುತ್ತದೆ. ಎರಡು ದಿನ ಹಾಸಿಗೆಯೆಲ್ಲ ಜೀರಿಗೆ ವಾಸನೆ ಬರುತ್ತದೆ ಎಂದು ನನ್ನ ಮನೆಯವರು ಗೊಣಗುತ್ತಾರೆ, ಅದನ್ನು ಸಹಿಸಿಕೊಳ್ಳಬೇಕು.

ಮಿಕ್ಸಿಯಲ್ಲಿ ಜಾರಿನ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಒಂದೇ ಸಮನೆ ಎರಡು ನಿಮಿಷ ಓಡಿಸುವ ಬದಲು ಹದಿನೈದು ಇಪ್ಪತ್ತು ಸೆಕೆಂಡು ಓಡಿಸಿ, ನಿಲ್ಲಿಸಿ, ಜಾರನ್ನು ಕುಲುಕಿ, ಮತ್ತೆ ಓಡಿಸಿ. ಜಾರಿನ ಹೊರಮೈಗೆ ಅಂಗೈ ಹಚ್ಚಿದಾಗ ಬೆಚ್ಚಗಾಗಿದೆ ಅನ್ನಿಸಿದರೆ ಐದು ನಿಮಿಷ ಬಿಡಬೇಕು. ಗಟ್ಟಿಯಾದ ಮೆಂತ್ಯ, ಮೆಣಸು, ಸಾಸಿವೆ ಒಂದು ಸಲ, ಮೆಣಸಿನಕಾಯಿ ಮತ್ತು ಕರಿಬೇವು ಒಂದು ಸಲ, ಕೊತ್ತಂಬರಿ ಮತ್ತು ಜೀರಿಗೆ ಮತ್ತೊಂದು ಸಲ ಹಾಕಿದರೆ ಯಾವುದೂ ಅಗತ್ಯಕ್ಕಿಂತ ಹೆಚ್ಚು ತಿರುಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಮೆಂತ್ಯ ಒಡೆಯುವ ಹೊತ್ತಿಗೆ ಜೀರಿಗೆ ಬೆಂದಂತಾಗಿರುತ್ತದೆ. ಜರಡಿಯಲ್ಲಿ ಉಳಿದ ತರಿಯನ್ನು ಒಂದು ಸಲ ಮಾತ್ರ ಮತ್ತೆ ಬೀಸಿ, ಆಮೇಲೂ ಉಳಿದರೆ ಅದನ್ನು ಮೊದಲ ವಾರದ ಸಾರಿಗೆ ಬಳಸಿಬಿಡಿ. ಸಾರಿನ ಪುಡಿ ಕುಂಕುಮದಂತೆ ನುಣ್ಣಗಿರಬೇಕೆಂಬ ಹಟ ಬೇಡ. ಕೊಂಚ ತರಿಯಿದ್ದರೆ ಘಮ ಹೆಚ್ಚು ದಿನ ನಿಲ್ಲುತ್ತದೆ.

ಮೂರು ನಾಲ್ಕು ಕಿಲೋ ಮಾಡುವವರು ಮುಂಬಯಿಯ ಲಾಲ್‌ಬಾಗಿನ ಮಿರ್ಚಿ ಗಲ್ಲಿಯಂಥ ಕಡೆ ಕುಟ್ಟಿಸುತ್ತಾರೆ. ಇಲ್ಲಿಯವರು ಡಂಕ ಎನ್ನುವ, ಒನಕೆಯಂತೆ ಮೇಲೆ ಕೆಳಗೆ ಕುಟ್ಟುವ ಯಂತ್ರದಲ್ಲಿ ಮಸಾಲೆ ಹಿಟ್ಟಿನ ಗಿರಣಿಯಲ್ಲಿ ಕಾಯುವಷ್ಟು ಕಾಯುವುದಿಲ್ಲ, ಆದ್ದರಿಂದ ಗಿರಣಿಗಿಂತ ಡಂಕ ಮೇಲು. ಯಾವುದೇ ಯಂತ್ರವಾದರೂ ನಿಮ್ಮ ಸರದಿಗಿಂತ ಮೊದಲು ಅದರಲ್ಲಿ ಏನು ಹೋಯಿತು ಎಂದು ಕೇಳಿ. ಮಾಲವಣಿ ಮಸಾಲೆಯ ಹಿಂದೆಯೇ ಹೋದ ಸಾರಿನ ಪುಡಿಗೆ ಲವಂಗ, ಚಕ್ಕೆಗಳ ವಾಸನೆ ಅಂಟಿರುತ್ತದೆ. ಮುಂಬಯಿಗೆ ಬಂದ ಮೊದಲ ವರ್ಷ ನಾನು ಗಿರಣಿಯಲ್ಲಿ ಬೀಸಿಸಿದ ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ತಂದು, ಸುಸ್ತಾಗಿದ್ದರಿಂದ ಹಾಗೆಯೇ ಮಲಗಿದೆ. ಬೆಳಿಗ್ಗೆ ನೋಡಿದರೆ ಚೀಲದ ಒಳಮೈಯಲ್ಲಿ ಮಂಜಿನ ಹನಿಗಳು. ಒರೆಸಿ ಡಬ್ಬಿಗೆ ತುಂಬಿದೆ, ಎರಡು ವಾರದಲ್ಲಿ ಮೇಲ್ಪದರಕ್ಕೆ ಬೂಷ್ಟು ಬಂತು. ತಪ್ಪು ಗಿರಣಿಯದಲ್ಲ, ನನ್ನದು. ಬಿಸಿ ಪುಡಿಯ ಚೀಲವನ್ನು ಬಾಯಿ ತೆರೆದೇ ತರಬೇಕಿತ್ತು, ಮನೆ ಮುಟ್ಟಿದೊಡನೆ ಹರಡಬೇಕಿತ್ತು.

ಮಿಕ್ಸಿಯ ಪುಡಿಗೂ ಇದು ಅನ್ವಯಿಸುತ್ತದೆ: ಕಾಳನ್ನು ತಣಿಸಿ ಬೀಸಿದ್ದರೂ ಬೀಸಿದ ಪುಡಿ ಬೆಚ್ಚಗಿರುತ್ತದೆ, ಅದನ್ನು ಮತ್ತೊಮ್ಮೆ ತಣಿಸಬೇಕು. ಈ ಎರಡನೆಯ ತಣಿಸುವಿಕೆಯನ್ನು ಬಹಳ ಮಂದಿ ಮಾಡುವುದೇ ಇಲ್ಲ. ಜರಡಿ ಹಿಡಿದ ಪುಡಿಯನ್ನು ಪರಾತದಲ್ಲಿ ಹರಡಿ, ತೆಳು ಬಟ್ಟೆ ಮುಚ್ಚಿ, ಇಪ್ಪತ್ತರಿಂದ ಮೂವತ್ತು ನಿಮಿಷ ಬಿಟ್ಟು ತುಂಬಿ. ಅದಕ್ಕಿಂತ ಹೆಚ್ಚು ಹೊತ್ತು ಬೇಡ, ಪುಡಿ ಕಾಳಿಗಿಂತ ಬೇಗ ತೇವ ಹಿಡಿಯುತ್ತದೆ. ಸಂದೇಹವಿದ್ದರೆ ಒಂದು ಪರೀಕ್ಷೆ ಮಾಡಿ: ಪೂರ್ತಿ ಒಣಗಿದ ಸಣ್ಣ ಗಾಜಿನ ಬಾಟಲಿಗೆ ಅರ್ಧದಷ್ಟು ಪುಡಿ ಹಾಕಿ, ಬಿಗಿಯಾಗಿ ಮುಚ್ಚಿ, ಬಿಸಿಲಿನಲ್ಲಿ ಒಂದು ಗಂಟೆ ಇಡಿ. ಗಾಜಿನ ಒಳಗೆ ಮಬ್ಬು ಕಟ್ಟಿದರೆ ಉಳಿದ ಪುಡಿಯಲ್ಲಿಯೂ ನೀರಿದೆ. ಆಗ ಅದನ್ನು ಬಾಣಲೆಯಲ್ಲಿ ತೀರ ಸಣ್ಣ ಕಾವಿನಲ್ಲಿ ಕೆಲವು ನಿಮಿಷ ಬೆಚ್ಚಗೆ ಮಾಡಿ ಮತ್ತೆ ತಣಿಸಬೇಕಾಗುತ್ತದೆ. ಘಮ ಕೊಂಚ ಹೋಗುತ್ತದೆ, ಪುಡಿ ಉಳಿಯುತ್ತದೆ.

ಒಂದು ಕಿಲೋ ಪುಡಿಯನ್ನು ಒಂದೇ ಡಬ್ಬಿಯಲ್ಲಿ ಇಟ್ಟದ್ದು ನಿಮ್ಮ ಇನ್ನೊಂದು ತಪ್ಪು. ದಿನಕ್ಕೆ ಒಂದು ಸಲ ತೆರೆದರೂ ಎರಡು ತಿಂಗಳಲ್ಲಿ ಅರವತ್ತು ಸಲ ಆ ಡಬ್ಬಿಯೊಳಗೆ ಹೊಸ ಗಾಳಿ ಹೋಗಿದೆ, ಪುಡಿ ಖರ್ಚಾದಂತೆಲ್ಲ ಒಳಗೆ ಗಾಳಿಯ ಪಾಲೇ ಹೆಚ್ಚಾಗಿದೆ. 200 ಗ್ರಾಂ ಹಿಡಿಯುವ ನಾಲ್ಕೈದು ಗಾಜಿನ ಬಾಟಲಿಗಳಲ್ಲಿ ಕತ್ತಿನವರೆಗೂ ಒತ್ತಿ ತುಂಬಿ, ಒಂದನ್ನು ಮಾತ್ರ ಬಳಕೆಗೆ ಇಟ್ಟುಕೊಳ್ಳಿ. ಬಾಟಲಿಗಳನ್ನು ತೊಳೆದ ಮೇಲೆ ಬಟ್ಟೆಯಿಂದ ಒರೆಸಿದರೆ ಸಾಲದು, ಮುಚ್ಚಳದ ಒಳಸುತ್ತಿನಲ್ಲಿ ನೀರು ಅಡಗಿರುತ್ತದೆ. ಒಂದು ದಿನ ಬಿಸಿಲಿಗೆ ಬೋರಲು ಹಾಕಿ. ಬಳಕೆಯ ಬಾಟಲಿ ಬಾಗಿಲಿರುವ ಕಪಾಟಿನಲ್ಲಿರಲಿ, ಏಕೆಂದರೆ ಬೆಳಕು ಬಿದ್ದರೆ ಬ್ಯಾಡಗಿಯ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ. ಒಲೆಯ ಪಕ್ಕ ಮಾತ್ರ ಬೇಡವೇ ಬೇಡ. ಕುದಿಯುವ ಸಾರಿನ ಮೇಲೆ ಬಾಟಲಿಯನ್ನೇ ಬಗ್ಗಿಸಿ ಉದುರಿಸುವ ಅಭ್ಯಾಸ ನಿಮಗಿದ್ದರೆ ಅದನ್ನೂ ಬಿಡಬೇಕು, ಪ್ರತಿ ಸಲವೂ ಹಬೆ ನೇರವಾಗಿ ಬಾಟಲಿಯ ಬಾಯಿಗೆ ಹೋಗುತ್ತದೆ. ಒಣ ಚಮಚದಲ್ಲಿ ತೆಗೆದು, ಮುಚ್ಚಿ, ಆಮೇಲೆ ಸಾರಿಗೆ ಹಾಕಿ.

ಉಳಿದ ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಇಡುವುದೇ ಮುಂಬಯಿಯಲ್ಲಿ ಸರಿಯಾದ ದಾರಿ. ಆದರೆ ಫ್ರಿಜ್ಜು ಕಾಪಾಡುವುದು ಮುಚ್ಚಿದ ಬಾಟಲಿಯನ್ನು. ತಣ್ಣಗಿನ ಬಾಟಲಿಯನ್ನು ಹೊರತೆಗೆದೊಡನೆ ತೆರೆದರೆ, ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟುವಂತೆ, ಹೊರಗಿನ ಗಾಳಿಯ ತೇವ ಪುಡಿಯ ಮೇಲೆಯೇ ಹನಿಯಾಗುತ್ತದೆ. ರಾತ್ರಿ ಹೊರತೆಗೆದಿಟ್ಟು ಬೆಳಿಗ್ಗೆ ತೆರೆಯಿರಿ, ಒಮ್ಮೆ ಹೊರಬಂದ ಬಾಟಲಿ ಮತ್ತೆ ಒಳಗೆ ಹೋಗದಿರಲಿ. ದಿನವೂ ಫ್ರಿಜ್ಜಿನಿಂದ ತೆಗೆದು ಮತ್ತೆ ಒಳಗಿಡುವ ಪುಡಿ ಹೊರಗಿಟ್ಟ ಪುಡಿಗಿಂತ ಬೇಗ ಕೆಡುತ್ತದೆ. ಈ ರೀತಿ ಇಟ್ಟರೆ ಬಳಕೆಯ ಬಾಟಲಿ ಒಂದೂವರೆ ಎರಡು ತಿಂಗಳು, ಫ್ರಿಜ್ಜಿನದು ಆರೇಳು ತಿಂಗಳು ಘಮ ಉಳಿಸಿಕೊಂಡಿರುತ್ತದೆ. ವರ್ಷವಿಡೀ ಇರಬೇಕೆಂಬ ಆಸೆಯನ್ನು ಇಲ್ಲಿ ಬಿಡುವುದೇ ಒಳ್ಳೆಯದು. ಕೆಡದೆ ಇರಬಹುದು, ಆದರೆ ಹತ್ತನೆಯ ತಿಂಗಳಲ್ಲಿ ಅದು ಸಾರಿಗೆ ಬಣ್ಣ, ಖಾರ ಕೊಟ್ಟೀತೇ ಹೊರತು ಪರಿಮಳ ಕೊಡಲಾರದು.

ಆಗಸ್ಟಿನಲ್ಲಿ ಹೊಸ ಪುಡಿ ಮಾಡಬೇಕಾದರೆ ಮೇಲಿನ ಅಳತೆಯ ಕಾಲು ಭಾಗ ಮಾಡಿ. ಬಿಸಿಲಿಲ್ಲದ್ದರಿಂದ ಮೆಣಸಿನಕಾಯಿಯನ್ನು ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಇಡಬೇಕಾದೀತು, ಕೈಯಿಂದ ಮುರಿದು ಎರಡು ಮೂರು ತುಂಡು ಮಾಡಿಕೊಂಡರೆ ಒಳಗಿನ ತೇವ ಬೇಗ ಹೋಗುತ್ತದೆ. ಬಾಟಲಿಗಳನ್ನು ಬಿಸಿಲಿಗೆ ಬದಲು ಓವನ್ನಿನ ಸಣ್ಣ ಕಾವಿನಲ್ಲಿ, ಅದಿಲ್ಲದಿದ್ದರೆ ಆರಿಸಿದ ಒಲೆಯ ಮೇಲಿನ ಬೆಚ್ಚಗಿನ ಬಾಣಲೆಯಲ್ಲಿ ಒಣಗಿಸಿ, ತಣಿಸಿ ಬಳಸಿ. ಹುರಿಯದೆ ಉಳಿದ ಕೊತ್ತಂಬರಿ ಬೀಜವನ್ನು ಪುಡಿಯ ಕಪಾಟಿನಲ್ಲೇ ಇಡಬೇಡಿ. ಅದರೊಳಗೆ ಮೊಟ್ಟೆಯಾಗಿ ಬಂದಿರುವ ಸಣ್ಣ ಕಂದು ಹುಳು ಮಳೆಗಾಲದಲ್ಲಿ ಹೊರಬಂದು ಸಡಿಲ ಮುಚ್ಚಳದ ಸಂದಿಯಿಂದ ಪುಡಿಗೆ ದಾಟುತ್ತದೆ. ಹುರಿಯುವ ಕಾವಿಗೆ ಮೊಟ್ಟೆಗಳು ಸಾಯುವುದರಿಂದ, ಚೆನ್ನಾಗಿ ಹುರಿದ ಪುಡಿಯಲ್ಲಿ ಹುಳು ಕಂಡರೆ ಅದು ಹೊರಗಿನಿಂದ ಬಂದದ್ದೇ.

ಕೊನೆಯದಾಗಿ ನಿಮ್ಮ ಡಬ್ಬಿಯಲ್ಲಿ ಈಗ ಉಳಿದಿರುವ ಪುಡಿ. ಅದನ್ನು ಬೆಳಕಿರುವ ಕಡೆ ಬಿಳಿ ಕಾಗದದ ಮೇಲೆ ಸುರಿದು, ಗಂಟುಗಳನ್ನು ಒಡೆದು ನೋಡಿ. ಗಂಟು ಬೆರಳಿಗೆ ಸುಲಭವಾಗಿ ಉದುರಿ, ಒಳಗೆ ಹೊರಗೆ ಒಂದೇ ಬಣ್ಣವಿದ್ದು, ವಾಸನೆ ಮಂದವಾಗಿದ್ದರೂ ಮುಗ್ಗಲಾಗಿಲ್ಲದಿದ್ದರೆ ಅದು ಬರಿಯ ಉಪ್ಪು ಎಳೆದ ನೀರಿನ ಗಂಟು. ಸಣ್ಣ ಕಾವಿನಲ್ಲಿ ಬೆಚ್ಚಗೆ ಮಾಡಿ, ತಣಿಸಿ, ಜರಡಿ ಹಿಡಿದು, ಒಂದು ತಿಂಗಳೊಳಗೆ ಬಳಸಿಬಿಡಿ. ಸಾರಿಗೆ ಉಪ್ಪನ್ನು ಅಷ್ಟು ಕಡಿಮೆ ಹಾಕಿ, ಹೋದ ಘಮಕ್ಕೆ ಬದಲಾಗಿ ಅರ್ಧ ಚಮಚ ಜೀರಿಗೆ, ನಾಲ್ಕು ಮೆಣಸಿನ ಕಾಳನ್ನು ಆಗಲೇ ಹುರಿದು ಕುಟ್ಟಿ ಸೇರಿಸಿ. ಕಹಿಯನ್ನು ತೆಗೆಯುವ ಉಪಾಯವಿಲ್ಲ, ಒಂದು ಚೂರು ಬೆಲ್ಲ ಅದನ್ನು ಮರೆಸೀತು. ಆದರೆ ಗಂಟಿನೊಳಗೆ ಬೂದು, ಬಿಳಿ ಅಥವಾ ಹಸಿರು ಛಾಯೆ ಕಂಡರೆ, ಇಲ್ಲವೇ ಹಳೆಯ ಗೋಣಿಯಂಥ ವಾಸನೆ ಬಂದರೆ, ಆ ಗಂಟನ್ನು ಮಾತ್ರ ಆರಿಸಿ ತೆಗೆದರೆ ಸಾಲದು, ಡಬ್ಬಿಯ ಪುಡಿಯನ್ನೆಲ್ಲ ಎಸೆಯಬೇಕು. ಹುರಿದರೆ ಬೂಷ್ಟು ಸಾಯಬಹುದು, ಆದರೆ ಕೆಲವು ಬಗೆಯ ಬೂಷ್ಟು ಬಿಟ್ಟುಹೋಗುವ ವಿಷ ಬಾಣಲೆಯ ಕಾವಿಗೆ ಪೂರ್ತಿ ನಾಶವಾಗುವುದಿಲ್ಲ. ಅಂಥ ಡಬ್ಬಿಯನ್ನು ಬಿಸಿನೀರಿನಲ್ಲಿ ಸೋಪು ಹಾಕಿ ತಿಕ್ಕಿ ತೊಳೆದು, ಮುಚ್ಚಳದ ಸುತ್ತಿನಲ್ಲಿ ರಬ್ಬರು ಪಟ್ಟಿಯಿದ್ದರೆ ಅದನ್ನು ಬಿಚ್ಚಿ ಬೇರೆಯಾಗಿ ತೊಳೆದು ಒಣಗಿಸಿದ ಮೇಲೆಯೇ ಮತ್ತೆ ಬಳಸಿ.